‘ಹಳದಿ ಬಿದ್ದೈತಿ, ಏನ್ ಹೊಡೀಬೇಕು?’ ಅಂತ ಕೇಳುವ ಮುಂಚೆ ಗದ್ದೆಯಲ್ಲಿ ನೋಡಬೇಕಾದದ್ದು

“ಸರ, ಹೊಲ ಹಳದಿ ಬಿದ್ದೈತ್ರಿ. ಏನ್ ಎಣ್ಣಿ ಹೊಡೀಬೇಕ್ರಿ?”

ನಾಟಿ ಮುಗಿದು ಮೂರು-ನಾಲ್ಕು ವಾರ ಆಗುವ ಹೊತ್ತಿಗೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯಿಂದ ಇಂಥ ಫೋನು, ಇಂಥ ಮೆಸೇಜು ಶುರುವಾಗುತ್ತವೆ. ಕೇಳುವವರ ಆತಂಕ ನಿಜವಾದದ್ದು. ಸಾಲ ಮಾಡಿ ನಾಟಿ ಮಾಡಿದ ಬೆಳೆ ಕಣ್ಣೆದುರೇ ಬಣ್ಣ ಕಳೆದುಕೊಳ್ಳುತ್ತಿದ್ದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ? ಆದರೆ ಈ ಪ್ರಶ್ನೆಗೆ ಹೀಗೇ ಉತ್ತರ ಕೊಡಲು ಯಾರಿಗೂ ಆಗುವುದಿಲ್ಲ. ಯಾವ ಬೆಳೆ, ಎಂಥ ಭೂಮಿ, ಯಾವ ಹಂಗಾಮು, ನೀರು ಎಲ್ಲಿಂದ ಬರುತ್ತದೆ, ಎಲೆಯಲ್ಲಿ ಏನು ಕಾಣುತ್ತಿದೆ ಅನ್ನುವ ಯಾವುದೂ ಅದರಲ್ಲಿಲ್ಲ. ಇಷ್ಟು ಕೇಳಿಯೇ ಯಾರಾದರೂ ಔಷಧಿಯ ಹೆಸರು ಹೇಳಿದರೆ, ಅವರು ಊಹೆ ಮಾಡಿ ಹೇಳುತ್ತಿದ್ದಾರೆ ಎಂದೇ ಅರ್ಥ. ಆ ಊಹೆಯ ಖರ್ಚು ರೈತರ ಮೇಲೆ ಬೀಳುತ್ತದೆ.

ಇಲ್ಲಿ ಭತ್ತ ಹಳದಿಯಾಗುವ ಒಂದೇ ವಿಷಯ ತೆಗೆದುಕೊಂಡು, ಫೋನು ಮಾಡುವ ಮುಂಚೆ ಗದ್ದೆಯಲ್ಲಿ ಏನು ನೋಡಬೇಕು, ನೋಡಿದ್ದನ್ನು ಹೇಗೆ ಹೇಳಬೇಕು ಎಂದು ಬರೆದಿದ್ದೇನೆ. ಭತ್ತವನ್ನೇ ಆರಿಸಿದ್ದಕ್ಕೆ ಕಾರಣ ಇದೆ. ತುಂಗಭದ್ರಾ ಕಾಲುವೆ ಕೆಳಗೆ ಹಳದಿ ಬಣ್ಣಕ್ಕೆ ಕಾರಣಗಳು ಹಲವು. ಅವುಗಳ ಪರಿಹಾರಗಳು ಒಂದಕ್ಕೊಂದು ವಿರುದ್ಧವಾಗಿಯೂ ಇವೆ. ಸತುವಿನ ಕೊರತೆ ಇದ್ದರೆ ನಿಂತ ನೀರು ಬಸಿಯಬೇಕು. ಕಬ್ಬಿಣದ ಕೊರತೆ ಇದ್ದರೆ ಗದ್ದೆಯಲ್ಲಿ ನೀರು ಕಟ್ಟಿ ನಿಲ್ಲಿಸಬೇಕು. ಸಾರಜನಕ ಕಡಿಮೆಯಾಗಿದ್ದರೆ ಯೂರಿಯಾ ಹಾಕಬೇಕು. ಜಿಗಿಹುಳು ಅಥವಾ ಅಂಗಮಾರಿ ಇದ್ದರೆ ಯೂರಿಯಾವನ್ನು ಮುಟ್ಟಲೇಬಾರದು. ಬಣ್ಣ ಮಾತ್ರ ಎಲ್ಲದರಲ್ಲೂ ಹಳದಿಯೇ!

ಮೊದಲು ವಯಸ್ಸು ಎಣಿಸಿ

ಬೆಳೆಯ ಹೆಸರಿನ ಜೊತೆ ತಳಿ ಹೇಳಿ. ಸೋನಾ ಮಸೂರಿಯೋ, ಆರ್‌ಎನ್‌ಆರ್ ತಳಿಯೋ, ಬೇರೆಯೋ? ಸಸಿ ಕಿತ್ತು ನಾಟಿ ಮಾಡಿದ್ದೋ, ಕೂರಿಗೆಯಲ್ಲಿ ನೇರ ಬಿತ್ತಿದ್ದೋ ಅನ್ನುವುದೂ ಬೇಕು. ಆಮೇಲೆ ನಾಟಿಯಾಗಿ ಎಷ್ಟು ದಿನ ಎಂದು ಲೆಕ್ಕ ಹಾಕಿ. “ಈಗ ತೆಂಡೆ ಒಡೀತಾ ಐತಿ” ಅನ್ನುವುದಕ್ಕಿಂತ “ನಾಟಿಯಾಗಿ 24 ದಿನ” ಅನ್ನುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸತುವಿನ ಕೊರತೆ ಸಾಮಾನ್ಯವಾಗಿ ನಾಟಿಯಾದ 2ರಿಂದ 4 ವಾರದೊಳಗೆ ಕಾಣುತ್ತದೆ. ಕಂದು ಜಿಗಿಹುಳುವಿನ ದೊಡ್ಡ ಹಾವಳಿ ಬರುವುದು ಹೆಚ್ಚಾಗಿ ಪೈರು ದಟ್ಟವಾದ ಮೇಲೆ. ಹೀಗಾಗಿ ವಯಸ್ಸು ಗೊತ್ತಾದರೆ ಅರ್ಧ ಕಾರಣಗಳನ್ನು ಅಲ್ಲೇ ಬದಿಗಿಡಬಹುದು.

ಹಂಗಾಮಿನ ವಿಷಯ ಚಿಕ್ಕದು, ಆದರೆ ಬಿಡಬೇಡಿ. ಎರಡನೇ ಬೆಳೆಗೆ ಡಿಸೆಂಬರ್-ಜನವರಿಯಲ್ಲಿ ಸಸಿ ಮಡಿ ಹಾಕಿದಾಗ ರಾತ್ರಿಯ ಚಳಿಗೇ ಸಸಿ ಹಳದಿಯಾಗಿ, ಬೆಳವಣಿಗೆ ನಿಂತಂತೆ ಕಾಣುತ್ತದೆ. ಬಿಸಿಲು ಏರಿದಂತೆ ಅದು ತಾನೇ ಸುಧಾರಿಸುತ್ತದೆ. ಅದೇ ಬಣ್ಣ ಆಗಸ್ಟಿನಲ್ಲಿ ಕಂಡರೆ ಚಳಿಯ ಮಾತೇ ಇಲ್ಲ.

ಭೂಮಿ ಮತ್ತು ನೀರನ್ನು ಒಟ್ಟಿಗೆ ಹೇಳಿ

ಎರೆಯೋ, ಮಸಾರಿಯೋ ಎಂದು ಎಲ್ಲರೂ ಹೇಳುತ್ತಾರೆ. ಅದು ಬೇಕೇ ಬೇಕು, ಆದರೆ ಅಷ್ಟೇ ಸಾಲದು. ನಮ್ಮ ಕಾಲುವೆ ಭಾಗದ ಎರೆ ಭೂಮಿಯಲ್ಲಿ ಸುಣ್ಣದ ಅಂಶ ಜಾಸ್ತಿ, ಮಣ್ಣು ಕ್ಷಾರದ ಕಡೆಗೆ ವಾಲಿರುತ್ತದೆ. ಅಂಥ ಮಣ್ಣಿನಲ್ಲಿ ಸತು ಇದ್ದರೂ ಬೇರಿಗೆ ಸಿಗದಂತೆ ಕಟ್ಟಿಕೊಂಡಿರುತ್ತದೆ. ಮೇಲೆ ವಾರಗಟ್ಟಲೆ ನೀರು ನಿಂತರೆ ಇನ್ನೂ ಕಷ್ಟ.

ಈಗ ನೀರಿನ ಮಾತು. ಕಾಲುವೆಯ ಮೇಲ್ಭಾಗದಲ್ಲಿ ಇದ್ದೀರೋ, ಕೊನೆ ಭಾಗದಲ್ಲೋ? ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಕಾಲುವೆ ನೀರು ಸಾಲದೆ ಹಳ್ಳದ ಬಸಿ ನೀರನ್ನೋ ಬೋರಿನ ನೀರನ್ನೋ ಬಿಟ್ಟಿದ್ದೀರಾ? ಬಹಳ ಜನ ಈ ಕೊನೆಯ ಮಾತನ್ನು ಹೇಳುವುದೇ ಇಲ್ಲ. ಮೇಲಿನ ಗದ್ದೆಗಳಿಂದ ಬಸಿದು ಹಳ್ಳ ಸೇರಿದ ನೀರಿನಲ್ಲಿ ಉಪ್ಪು ಇರುತ್ತದೆ. ಅದನ್ನು ಎರಡು ಸಲ ಬಿಟ್ಟರೆ ತಗ್ಗಿನ ಮಡಿಗಳಲ್ಲಿ ಸವಳು ತಲೆ ಎತ್ತುತ್ತದೆ.

ಸವಳಿನ ಗುರುತು ಹೀಗೆ. ಗದ್ದೆ ಒಂದೇ ಸಮನಾಗಿ ಹಳದಿಯಾಗದೆ ಅಲ್ಲಲ್ಲಿ ತೇಪೆ ಹಾಕಿದಂತೆ ಕಾಣುತ್ತದೆ. ಎಲೆಯ ತುದಿ ಬಿಳಿಚಿ, ಸುಟ್ಟಂತೆ ಒಣಗುತ್ತದೆ. ನೀರು ಇಂಗಿದ ಮೇಲೆ ಬೆಳಿಗ್ಗೆ ಹೋಗಿ ನೋಡಿದರೆ ಬದುವಿನ ಪಕ್ಕದ ಮಣ್ಣಿನ ಮೇಲೆ ಬಿಳಿ ಪುಡಿ ಕೂತಿರುತ್ತದೆ. ಇದು ಕಂಡರೆ ಯೂರಿಯಾ, ಸತು, ಯಾವ ಎಣ್ಣೆಯೂ ಕೆಲಸ ಮಾಡುವುದಿಲ್ಲ. ಒಳ್ಳೆಯ ನೀರು ಕಟ್ಟಿ ಬಸಿದುಬಿಡುವುದೊಂದೇ ಸದ್ಯದ ದಾರಿ. ಅಂಗಡಿಯಲ್ಲಿ ಜಿಪ್ಸಮ್ ಹಾಕಿ ಅನ್ನುತ್ತಾರೆ. ಜಿಪ್ಸಮ್ ಉಪಯೋಗಕ್ಕೆ ಬರುವುದು ಸೋಡಿಯಂ ಜಾಸ್ತಿಯಾಗಿ ಮಣ್ಣು ಗಟ್ಟಿಯಾದ ಕ್ಷಾರ ಭೂಮಿಗೆ. ಬರೀ ಉಪ್ಪಿನ ಸವಳಿಗೆ ಅದರಿಂದ ಪ್ರಯೋಜನವಿಲ್ಲ. ಯಾವುದು ಎಂದು ಮಣ್ಣು ಪರೀಕ್ಷೆ ಮಾತ್ರ ಹೇಳಬಲ್ಲದು.

ಗದ್ದೆಯಲ್ಲಿ ಅರ್ಧ ಗಂಟೆ

ಇದು ಎಲ್ಲಕ್ಕಿಂತ ಮುಖ್ಯವಾದ ಭಾಗ. ಬದುವಿನ ಮೇಲೆ ನಿಂತು ನೋಡಿದರೆ ಆಗುವುದಿಲ್ಲ, ಒಳಗೆ ಇಳಿಯಬೇಕು. ಹೊತ್ತು ಏರುವ ಮುಂಚೆ ಹೋದರೆ ಒಳ್ಳೆಯದು.

ಮೊದಲು ಇಡೀ ಗದ್ದೆಯನ್ನು ನೋಡಿ. ಹಳದಿ ಎಲ್ಲಾ ಕಡೆ ಸಮನಾಗಿದೆಯೋ, ಒಂದು ಮೂಲೆಯಲ್ಲೋ, ನೀರು ನಿಲ್ಲುವ ತಗ್ಗಿನಲ್ಲೋ, ವೃತ್ತದಂತೆ ಅಲ್ಲಲ್ಲೋ? ಪಕ್ಕದವರ ಗದ್ದೆ ಹೇಗಿದೆ ಅನ್ನುವುದನ್ನೂ ಗಮನಿಸಿ. ಒಂದೇ ನೀರು, ಒಂದೇ ಮಣ್ಣು ಇದ್ದು ಅವರದು ಹಸಿರಾಗಿದ್ದರೆ, ಕಾರಣವನ್ನು ನೀವು ಹಾಕಿದ ಅಥವಾ ಹಾಕದೆ ಬಿಟ್ಟ ಗೊಬ್ಬರದಲ್ಲಿ ಹುಡುಕಬೇಕು.

ಆಮೇಲೆ ಒಂದು ಗುಣಿಯ ಮುಂದೆ ಬಗ್ಗಿ, ಯಾವ ಎಲೆ ಹಳದಿ ಎಂದು ನೋಡಿ. ಹಳೆಯದೋ, ಹೊಸದೋ ಅನ್ನುವುದೊಂದೇ ಅನೇಕ ಕಾರಣಗಳನ್ನು ಬೇರೆ ಮಾಡಿಬಿಡುತ್ತದೆ. ಸಾರಜನಕ ಗಿಡದೊಳಗೆ ಹರಿದಾಡುತ್ತದೆ. ಕೊರತೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಕಿತ್ತು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗುತ್ತವೆ, ಚುಕ್ಕೆ ಇರುವುದಿಲ್ಲ, ಗದ್ದೆ ತುಂಬ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಕಬ್ಬಿಣ ಹಾಗೆ ಹರಿದಾಡುವುದಿಲ್ಲ. ಅದು ಕಡಿಮೆಯಾದಾಗ ಸುಳಿಯ ಹೊಸ ಎಲೆಯೇ ಬಿಳಿಚುತ್ತದೆ. ನರ ಹಸಿರಾಗಿದ್ದು ಮಧ್ಯದ ಭಾಗ ತಿಳಿಹಳದಿಯಾಗುತ್ತದೆ, ಜಾಸ್ತಿಯಾದರೆ ಎಲೆ ಪೂರ್ತಿ ಬೆಳ್ಳಗಾಗುತ್ತದೆ. ಇದು ಸಸಿ ಮಡಿಯಲ್ಲಿ ಮತ್ತು ನೀರು ನಿಲ್ಲದ ನೇರ ಬಿತ್ತನೆಯ ಭತ್ತದಲ್ಲಿ ಕಾಣುವುದು ಹೆಚ್ಚು.

ಸತುವಿನ ಕೊರತೆ ಇವೆರಡರಂತಲ್ಲ. ಕೆಳಗಿನ ಮತ್ತು ನಡುವಿನ ಎಲೆಗಳ ಮೇಲೆ ತುಕ್ಕು ಹಿಡಿದಂಥ ಕಂದು ಚುಕ್ಕೆಗಳು ಬಂದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೊಸ ಎಲೆಯ ನಡುನರ ಬುಡದ ಹತ್ತಿರ ಬಿಳಿಚಿರುತ್ತದೆ. ಗಿಡ ಗಿಡ್ಡವಾಗುತ್ತದೆ, ತೆಂಡೆ ಕಡಿಮೆ, ಒಂದು ಗುಣಿ ಎತ್ತರ ಒಂದು ಗುಣಿ ಕುಳ್ಳು ಎಂಬಂತೆ ಗದ್ದೆ ಹದಗೆಟ್ಟು ಕಾಣುತ್ತದೆ. ದೂರದಿಂದ ನೋಡಿದರೆ ಸುಮ್ನೆ ಹಳದಿ ಅನ್ನಿಸುತ್ತದೆ. ಕೈಯಲ್ಲಿ ಎಲೆ ಹಿಡಿದಾಗಲೇ ಚುಕ್ಕೆ ಕಾಣುವುದು.

ಇನ್ನು ಹುಳ ಮತ್ತು ರೋಗ. ಗುಣಿಯನ್ನು ಒಂದು ಬದಿಗೆ ಬಗ್ಗಿಸಿ, ಬುಡವನ್ನು ಅಂಗೈಯಿಂದ ಎರಡು ಸಲ ತಟ್ಟಿ, ನೀರಿನ ಮೇಲೆ ನೋಡಿ. ಕಂದು ಬಣ್ಣದ ಸಣ್ಣ ಹುಳಗಳು ಬಿದ್ದು ಅಡ್ಡಾದಿಡ್ಡಿ ಓಡಾಡಿದರೆ ಅದು ಜಿಗಿಹುಳು. ಹತ್ತು ಕಡೆ ಹೀಗೆ ಮಾಡಿ, ಗುಣಿಗೆ ಎಷ್ಟು ಹುಳ ಬಿದ್ದವು ಎಂದು ಬರೆದುಕೊಳ್ಳಿ. “ಹುಳ ಅದಾವ” ಅನ್ನುವುದಕ್ಕೂ “ಗುಣಿಗೆ ಹದಿನೈದು ಅದಾವ” ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಎರಡು-ಮೂರು ಇದ್ದರೆ ಕಾಯಬಹುದು. ಜಾಸ್ತಿ ಇದ್ದರೆ ತಡಮಾಡುವಂತಿಲ್ಲ. ಜಿಗಿಹುಳುವಿಗೆ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಎಣ್ಣೆ ಹೊಡೆದರೆ ಅದನ್ನು ತಿನ್ನುವ ಜೇಡ, ಮಿತ್ರ ಕೀಟಗಳು ಸತ್ತು ಹುಳ ಇನ್ನೂ ಜಾಸ್ತಿಯಾಗುತ್ತದೆ. ಏನು ಹೊಡೆದರೂ ಅದು ಬುಡಕ್ಕೆ ತಲುಪಬೇಕು, ಮೇಲಿನ ಎಲೆ ತೋಯಿಸಿದರೆ ದುಡ್ಡು ದಂಡ.

ಎಲೆಯ ಅಂಚು ತುದಿಯಿಂದ ಕೆಳಗೆ ಅಲೆಅಲೆಯಾಗಿ ಹಳದಿಯಾಗಿ ಒಣಗುತ್ತಿದ್ದರೆ ದುಂಡಾಣು ಅಂಗಮಾರಿ ಇರಬಹುದು. ಮಳೆ-ಗಾಳಿ ಬಂದುಹೋದ ಮೇಲೆ ಇದು ಹಬ್ಬುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದು. ಹಳದಿ ಮತ್ತು ಹಸಿರು ಸೇರುವ ಜಾಗದಲ್ಲಿ ಎಲೆಯನ್ನು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲಿ ತುದಿಯಿಂದ ಹಾಲಿನಂಥ ಎಳೆ ಇಳಿದರೆ ದುಂಡಾಣು ಇದೆ ಎಂದು ತಿಳಿಯಿರಿ.

ಕೊನೆಗೆ ಒಂದು ಗುಣಿ ಕಿತ್ತು ಬೇರು ತೊಳೆಯಿರಿ. ಬೆಳ್ಳನೆಯ ಹೊಸ ಬೇರು ಬರುತ್ತಿದೆಯಾ, ಅಥವಾ ಬೇರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆಯಾ? ವಾಸನೆ ಬಂದರೆ ಗದ್ದೆಗೆ ಉಸಿರಾಡಲು ಬಿಡುವೇ ಸಿಕ್ಕಿಲ್ಲ ಎಂದರ್ಥ.

ಹಾಕಿದ್ದೆಲ್ಲವನ್ನೂ ಹೇಳಿ

ಅಂಗಡಿಯಿಂದ ತಂದ ಡಬ್ಬಿ, ಚೀಲ ಎಲ್ಲವನ್ನೂ ಕಟ್ಟೆಯ ಮೇಲಿಟ್ಟು, ಯಾವ ದಿನ ಎಕರೆಗೆ ಎಷ್ಟು ಹಾಕಿದಿರಿ ಎಂದು ಬರೆದುಕೊಳ್ಳಿ. ಕಳೆನಾಶಕವನ್ನೂ ಸೇರಿಸಿ. ಕಳೆನಾಶಕ ಹೊಡೆದ ಕೆಲವು ದಿನಗಳಲ್ಲೇ ಬಂದ ಹಳದಿಗೆ ಕಾರಣ ಅದೇ ಇರಬಹುದು. ಎರಡು ಮೂರು ಎಣ್ಣೆ ಕೂಡಿಸಿ ಹೊಡೆದಿದ್ದರೆ ನಾಚಿಕೊಳ್ಳದೆ ಹೇಳಿಬಿಡಿ. ಮುಚ್ಚಿಟ್ಟರೆ ಉತ್ತರ ದಾರಿ ತಪ್ಪುತ್ತದೆ.

ಫೋಟೊ ತೆಗೆಯುವುದಾದರೆ ಮೂರು ಸಾಕು. ಇಡೀ ಗದ್ದೆಯದು ಒಂದು, ಬುಡ ಸಮೇತ ಒಂದು ಗುಣಿಯದು ಒಂದು, ಅಂಗೈ ಮೇಲಿಟ್ಟ ಎಲೆಯದು ಒಂದು. ಎಲೆಯ ಫೋಟೊದಲ್ಲಿ ಹಸಿರಾದ ಎಲೆಯೊಂದನ್ನು ಪಕ್ಕದಲ್ಲಿಡಿ. ಸುಡು ಬಿಸಿಲಿನಲ್ಲಿ ತೆಗೆದರೆ ಹಸಿರೂ ಹಳದಿಯಂತೆ ಕಾಣುತ್ತದೆ, ನಿಮ್ಮ ಮೈ ನೆರಳಿನಲ್ಲಿ ತೆಗೆಯಿರಿ.

ಒಂದು ಮೆಸೇಜು, ಅದರ ಉತ್ತರ

ಕಾರಟಗಿ ಕಡೆಯ ಒಬ್ಬ ರೈತರು ಮೊದಲು ಕೇಳಿದ್ದು ಮೇಲಿನ ಒಂದು ಸಾಲನ್ನೇ ಎಂದುಕೊಳ್ಳೋಣ. ಗದ್ದೆಗೆ ಇಳಿದು ನೋಡಿ ಬಂದ ಮೇಲೆ ಅವರ ಮೆಸೇಜು ಹೀಗಿರುತ್ತದೆ:

“ಕಾರಟಗಿ ತಾಲ್ಲೂಕು. ಸೋನಾ ಮಸೂರಿ, ಮುಂಗಾರು, ನಾಟಿಯಾಗಿ 24 ದಿನ, ಮೂರು ಎಕರೆ ಎರೆ. ಕಾಲುವೆ ಕೊನೆ ಭಾಗ, ನೀರು ಯಾವಾಗ ಬರುತ್ತೋ ಖಾತ್ರಿ ಇಲ್ಲ, ಬಂದಾಗ ಕಟ್ಟಿ ನಿಲ್ಲಿಸಿದ್ದೇನೆ. ಹಳ್ಳದ ನೀರು ಬಿಟ್ಟಿಲ್ಲ. ನಾಟಿ ಮಾಡುವಾಗ ಎಕರೆಗೆ ಎರಡು ಚೀಲ ಡಿಎಪಿ, ಆಮೇಲೆ ಎರಡು ಸಲ ಯೂರಿಯಾ. ಸತು ಹಾಕಿಲ್ಲ. ಹತ್ತು ದಿನದಿಂದ ಹಳದಿ, ತಗ್ಗಿನ ಮಡಿಯಲ್ಲಿ ಜಾಸ್ತಿ. ಕೆಳಗಿನ ಎಲೆಯಲ್ಲಿ ತುಕ್ಕಿನ ಚುಕ್ಕೆ, ಹೊಸ ಎಲೆಯ ಬುಡ ಬಿಳಿಚಿದೆ. ಗಿಡ ಏರುಪೇರು. ತಟ್ಟಿ ನೋಡಿದೆ, ಹುಳ ಇಲ್ಲ. ಬಿಳಿ ಪುಡಿ ಇಲ್ಲ.”

ಇದನ್ನು ಓದಿದವರಿಗೆ ತಿರುಗಿ ಕೇಳಲು ಹೆಚ್ಚೇನೂ ಉಳಿಯುವುದಿಲ್ಲ. ಎರಡು ಸಲ ಯೂರಿಯಾ ಹಾಕಿದರೂ ಹಳದಿ ಹೋಗಿಲ್ಲ, ಹಾಗಾಗಿ ಸಾರಜನಕದ ಕೊರತೆ ಅಲ್ಲ. ಹುಳ ಇಲ್ಲ, ಉಪ್ಪಿನ ಗುರುತಿಲ್ಲ. ವಯಸ್ಸು, ಎರೆ ಮಣ್ಣು, ನಿಂತ ನೀರು, ತುಕ್ಕಿನ ಚುಕ್ಕೆ ಎಲ್ಲವೂ ಸತುವಿನ ಕಡೆಗೇ ಬೆರಳು ಮಾಡುತ್ತವೆ. ಡಿಎಪಿ ಅಷ್ಟು ಹಾಕಿದ್ದರಿಂದ ರಂಜಕ ಜಾಸ್ತಿಯಾಗಿ ಸತು ಇನ್ನೂ ಸಿಗದಂತಾಗಿದೆ. ಮೂರನೇ ಸಲ ಯೂರಿಯಾ ಎರಚಿದ್ದರೆ ಹಳದಿ ಹೋಗುತ್ತಿರಲಿಲ್ಲ, ಮುಂದೆ ಜಿಗಿಹುಳುವಿಗೆ ದಾರಿಯಾಗುತ್ತಿತ್ತು.

ಪರಿಹಾರ ಇದು. ಎಕರೆಗೆ 200 ಲೀಟರ್ ನೀರಿಗೆ ಒಂದು ಕಿಲೊ ಜಿಂಕ್ ಸಲ್ಫೇಟ್ ಮತ್ತು ಅರ್ಧ ಕಿಲೊ ಅರಳಿದ ಸುಣ್ಣ. ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಸಿ, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಸೇರಿಸಬೇಕು. ಸುಣ್ಣ ಹಾಕದಿದ್ದರೆ ಎಲೆ ಸುಡುತ್ತದೆ. 16 ಲೀಟರಿನ ಪಂಪಿಗೆ ಲೆಕ್ಕ ಹಾಕಿದರೆ 80 ಗ್ರಾಂ ಜಿಂಕ್ ಸಲ್ಫೇಟು, 40 ಗ್ರಾಂ ಸುಣ್ಣ. ಚೀಲದ ಮೇಲೆ ಸತು 21 ಎಂದು ಇದ್ದರೆ ಈ ಲೆಕ್ಕ. 33 ಎಂದು ಇದ್ದರೆ ಎಕರೆಗೆ ಸುಮಾರು 650 ಗ್ರಾಂ ಸಾಕು, ಪಂಪಿಗೆ ಸುಮಾರು 50 ಗ್ರಾಂ. ಸಂಜೆ ಹೊತ್ತು ಹೊಡೆದು, ಹತ್ತು ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ಇದರ ಜೊತೆ ಬೇರೆ ಎಣ್ಣೆ ಕೂಡಿಸಬಾರದು.

ನೀರು ಬಸಿಯಬೇಕಾ? ಮೇಲ್ಭಾಗದ ರೈತರಾಗಿದ್ದರೆ ಎರಡು ಮೂರು ದಿನ ನೀರು ಬಸಿದು, ಮಣ್ಣಿನ ಮೇಲ್ಮೈ ಸ್ವಲ್ಪ ಆರಲು ಬಿಟ್ಟು, ಮತ್ತೆ ತೆಳುವಾಗಿ ನೀರು ಕಟ್ಟಿ ಎಂದು ಹೇಳುತ್ತೇನೆ. ಈ ರೈತರಿಗೆ ಹಾಗೆ ಹೇಳಲಾರೆ. ಮುಂದಿನ ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ ಕೊನೆ ಭಾಗದಲ್ಲಿ ಇರುವ ನೀರನ್ನು ಬಿಟ್ಟುಬಿಟ್ಟರೆ, ಎರೆ ಮಣ್ಣು ಬಿರುಕು ಬಿಟ್ಟು ಬೇರು ಕಿತ್ತುಹೋಗುತ್ತದೆ. ಅವರು ನೀರು ಇದ್ದಷ್ಟು ಇರಲು ಬಿಟ್ಟು, ಸಿಂಪಡಣೆ ಮಾತ್ರ ಮಾಡಬೇಕು. ನೀರಿನ ಆ ಒಂದು ಸಾಲು ಮೆಸೇಜಿನಲ್ಲಿ ಇರದಿದ್ದರೆ ಸಲಹೆಯೇ ಅವರ ಬೆಳೆಗೆ ಕುತ್ತಾಗುತ್ತಿತ್ತು.

ಗದ್ದೆಯ ಒಂದು ಅಂಚಿನಲ್ಲಿ ನಾಲ್ಕು ಸಾಲು ಹೊಡೆಯದೆ ಬಿಡಿ. ಏಳರಿಂದ ಹತ್ತು ದಿನದಲ್ಲಿ ಹೊಡೆದ ಕಡೆ ಹೊಸ ಎಲೆ ಹಸಿರಾಗಿ ಬರಬೇಕು, ಬಿಟ್ಟ ಸಾಲಿನಲ್ಲಿ ಬಾರದಿರಬೇಕು. ಹಳೆಯ ಚುಕ್ಕೆ ಎಲೆಗಳು ಮತ್ತೆ ಹಸಿರಾಗುವುದಿಲ್ಲ, ಅವನ್ನು ನೋಡಿ “ಔಷಧಿ ಹತ್ತಲಿಲ್ಲ” ಎಂದು ಇನ್ನೊಂದು ಡಬ್ಬಿ ತರಬೇಡಿ. ಎರಡೂ ಕಡೆ ಒಂದೇ ಥರ ಇದ್ದರೆ ಅಂದಾಜು ತಪ್ಪಿದೆ ಎಂದು ತಿಳಿದು ಮಣ್ಣು ಪರೀಕ್ಷೆಗೆ ಕೊಡಿ.

ಬೇರೆ ಬೆಳೆಯಾದರೆ

ಕೇಳುವ ಕ್ರಮ ಇದೇ, ನೋಡುವ ಗುರುತು ಬದಲಾಗುತ್ತದೆ. ಬಳ್ಳಾರಿ, ಸಿರುಗುಪ್ಪ ಕಡೆಯ ಮೆಣಸಿನಕಾಯಿಯಲ್ಲಿ ಎಲೆ ಮುದುರಿದೆ ಎಂದರೆ ಸಾಲದು. ಎಲೆ ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ ಇರುವ ಸಂಭವ ಹೆಚ್ಚು. ಒಂದಕ್ಕೆ ಹೊಡೆಯುವ ಎಣ್ಣೆ ಬಹಳ ಸಲ ಇನ್ನೊಂದಕ್ಕೆ ತಾಗುವುದಿಲ್ಲ. ರಾಯಚೂರು ಕಡೆಯ ತೊಗರಿ ಬಾಡುತ್ತಿದ್ದರೆ ಕಾಂಡದ ಬುಡವನ್ನು ಸೀಳಿ ನೋಡಿ. ಒಳಗೆ ಕಪ್ಪು ಗೆರೆ ಇದ್ದರೆ ಸೊರಗು ರೋಗ. ಆ ಗಿಡ ಉಳಿಯುವುದಿಲ್ಲ, ಮುಂದಿನ ವರ್ಷದ ತಳಿ ಮತ್ತು ಬೆಳೆ ಬದಲಾವಣೆಯ ಮಾತು ಆಡಬೇಕು.

ಯಾರಿಗೆ ಕೇಳುವುದು

ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕಿತ್ತ ಗುಣಿಯನ್ನೇ ಬುಡದ ಮಣ್ಣಿನ ಸಮೇತ ಒಯ್ಯಿರಿ. ಗಂಗಾವತಿ, ರಾಯಚೂರು, ಬಳ್ಳಾರಿ ಹತ್ತಿರದ ಹಗರಿ, ಈ ಮೂರೂ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ದುಡ್ಡಿಲ್ಲ. ಬರೆದುಕೊಂಡ ಚೀಟಿ ಕೈಯಲ್ಲಿಟ್ಟುಕೊಂಡೇ ಫೋನು ಮಾಡಿ.

ಮಣ್ಣು ಪರೀಕ್ಷೆಗೆ ಬೆಳೆ ಕಟಾವಾದ ಮೇಲೆ ತೆಗೆಯಿರಿ. ಎಕರೆಯಲ್ಲಿ ಹತ್ತು-ಹದಿನೈದು ಕಡೆ ಒಂದು ಗೇಣಿನಷ್ಟು ಆಳಕ್ಕೆ ‘ವಿ’ ಆಕಾರದ ಗುಂಡಿ ತೋಡಿ, ಅದರ ಬದಿಯಿಂದ ಮಣ್ಣು ಕೆರೆದು, ಎಲ್ಲವನ್ನೂ ಕಲಸಿ ಅರ್ಧ ಕಿಲೊ ಉಳಿಸಿಕೊಳ್ಳಬೇಕು. ಬದುವಿನ ಪಕ್ಕ, ಮರದ ಕೆಳಗೆ, ಗೊಬ್ಬರ ಗುಡ್ಡೆ ಹಾಕಿದ್ದ ಜಾಗ ಬೇಡ. ಸವಳು ತೇಪೆಯ ಮಣ್ಣನ್ನು ಚೆನ್ನಾಗಿರುವ ಮಣ್ಣಿಗೆ ಕೂಡಿಸದೆ ಬೇರೆ ಚೀಲದಲ್ಲಿ ಕೊಡಿ. ಸತು ಕಡಿಮೆ ಎಂದು ವರದಿ ಬಂದರೆ ಮುಂದಿನ ಬೆಳೆಗೆ ಕೊನೆಯ ರೊಜ್ಜು ಹೊಡೆಯುವಾಗಲೇ ಎಕರೆಗೆ 8ರಿಂದ 10 ಕಿಲೊ ಜಿಂಕ್ ಸಲ್ಫೇಟ್ ಹಾಕಿ. ಡಿಎಪಿ ಜೊತೆ ಕಲಸಿ ಎರಚಬೇಡಿ, ಎರಡಕ್ಕೂ ನಡುವೆ ಕೆಲವು ದಿನ ಬಿಡಿ.